ಬಾತ್‌ರೂಮಿನ ಬಿಸಿನೀರಿಗೆ ಯಾವ ಪೈಪು ಸರಿ? ಸಿಪಿವಿಸಿ, ಪಿಪಿಆರ್, ಬ್ರೇಡೆಡ್ ಹೋಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮಾತಲ್ಲಿ ಹೇಳಿ, ಬಿಸಿನೀರಿಗೆ ಸಿಪಿವಿಸಿ ಒಳ್ಳೆಯದೋ ಪಿಪಿಆರ್ ಒಳ್ಳೆಯದೋ?

ಗೀಸರ್ ನೀರು 60–65 ಡಿಗ್ರಿ ದಾಟದಿದ್ದರೆ ಎರಡೂ ಒಳ್ಳೆಯವೇ. ಆಗ ಯಾವ ಪೈಪು ಅನ್ನೋದಕ್ಕಿಂತ ಜಾಯಿಂಟ್ ಹಾಕುವವರ ಕೈಗೆ ಯಾವುದು ಪಳಗಿದೆ ಅನ್ನೋದೇ ಮುಖ್ಯ. ನೀರು ದಿನವೂ 75–80 ಡಿಗ್ರಿಗೆ ಹೋಗುವ ಕಡೆ, ಅಂದರೆ ಸೋಲಾರ್ ಇರುವ ಕಡೆ, ನಾನು ಸಿಪಿವಿಸಿ ಪರವಾಗಿ ನಿಲ್ಲುತ್ತೇನೆ. ಅದೂ ದಪ್ಪ ಗೋಡೆಯ ಎಸ್‌ಡಿಆರ್ 11 ಮಾತ್ರ. ಗೋಡೆಯೊಳಗೆ ಮುಚ್ಚಿಹೋಗುವ ಲೈನು, ಬಿಸಿ ಮಾಡಿ ಬೆಸೆಯುವ ಯಂತ್ರ ಚೆನ್ನಾಗಿ ಗೊತ್ತಿರುವ ಪ್ಲಂಬರ್, ನೀರು ಸಾಧಾರಣ ಬಿಸಿ, ಈ ಮೂರೂ ಕೂಡಿ ಬಂದರೆ ಪಿಪಿಆರ್ ಹಾಕಿಸಿ.

ಬ್ರೇಡೆಡ್ ಹೋಸ್ ಈ ಸ್ಪರ್ಧೆಯಲ್ಲೇ ಇಲ್ಲ. ಅದು ಲೈನ್ ಹಾಕುವ ಪೈಪಲ್ಲ, ಗೋಡೆಯಿಂದ ಗೀಸರಿಗೆ ಅಥವಾ ನಲ್ಲಿಗೆ ಹೋಗುವ ಕೊನೆಯ ಒಂದೆರಡು ಅಡಿಯ ಕೊಂಡಿ. ಆದರೆ ಇಡೀ ವ್ಯವಸ್ಥೆಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಅದೇ, ಅದಕ್ಕೇ ಕೆಳಗೆ ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪೈಪಿನ ಮೇಲೆ 20 ಬಾರ್, 25 ಬಾರ್ ಅಂತ ಇರುತ್ತೆ. ಮನೆಯ ಒತ್ತಡ ಅಷ್ಟೆಲ್ಲಾ ಇರಲ್ಲ. ಮತ್ತೆ ಯಾಕೆ ಚಿಂತೆ?

ಆ ಸಂಖ್ಯೆ ತಣ್ಣೀರಿನದು, ಅದಕ್ಕೆ ಚಿಂತೆ. ಪ್ಲಾಸ್ಟಿಕ್ ಬಿಸಿಯಾದಷ್ಟೂ ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಕಡಿಮೆ ಒತ್ತಡ ತಡೆಯುತ್ತದೆ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲಾ ಸುಲಭ.

ಎಸ್‌ಡಿಆರ್ 11 ಸಿಪಿವಿಸಿಯನ್ನೇ ನೋಡಿ. 23 ಡಿಗ್ರಿ ನೀರಿಗೆ ಅದು ಸುಮಾರು 27 ಬಾರ್ ಒತ್ತಡಕ್ಕೆ ಲೆಕ್ಕ ಹಾಕಿದ ಪೈಪು. ಅದೇ ಪೈಪು 82 ಡಿಗ್ರಿಗೆ ಬಂದರೆ ಸುಮಾರು 7 ಬಾರ್ ಮಾತ್ರ. ನಾಲ್ಕನೇ ಒಂದು ಪಾಲು! ತೆಳುವಾದ ಎಸ್‌ಡಿಆರ್ 13.5 ಆದರೆ 82 ಡಿಗ್ರಿಯಲ್ಲಿ ಐದೂವರೆ ಬಾರ್. ಪಿಪಿಆರ್ ಕಥೆಯೂ ಇದೇ. ಪಿಎನ್ 20 ಅಂತ ಅಚ್ಚಾಗಿದ್ದರೆ ಅದು 20 ಡಿಗ್ರಿ ನೀರಿಗೆ 20 ಬಾರ್ ಅಂತ ಅರ್ಥ. ಐಎಸ್‌ಓ 15874 ಅನ್ನುವ ಮಾನದಂಡದಲ್ಲಿ 70 ಡಿಗ್ರಿ ಬಿಸಿನೀರಿನ ದರ್ಜೆಗೆ, 50 ವರ್ಷದ ಲೆಕ್ಕದಲ್ಲಿ, ಅದೇ ಪೈಪಿಗೆ 8 ಬಾರ್ ಸಿಗುತ್ತದೆ. ಒಂದು ಮಟ್ಟ ತೆಳು ಇರುವ ಎಸ್‌ಡಿಆರ್ 7.4ಕ್ಕೆ 6 ಬಾರ್, ತೀರಾ ತೆಳು ಎಸ್‌ಡಿಆರ್ 11 ಪಿಪಿಆರ್‌ಗೆ 4 ಬಾರ್.

ಎಸ್‌ಡಿಆರ್ ಅಂದರೆ ಪೈಪಿನ ಹೊರ ಅಗಲವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಸಂಖ್ಯೆ. ಹಾಗಾಗಿ ಸಂಖ್ಯೆ ಚಿಕ್ಕದಿದ್ದಷ್ಟೂ ಪೈಪು ದಪ್ಪ. ಒಂದು ಎಚ್ಚರಿಕೆ: ಸಿಪಿವಿಸಿಯಲ್ಲಿ ಎಸ್‌ಡಿಆರ್ 11 ಅಂದರೆ ಗಟ್ಟಿ ಪೈಪು, ಪಿಪಿಆರ್‌ನಲ್ಲಿ ಅದೇ ಎಸ್‌ಡಿಆರ್ 11 ತಣ್ಣೀರಿಗೆ ಹಾಕುವ ತೆಳು ಪೈಪು. ಎರಡು ಬೇರೆ ಬೇರೆ ಪ್ಲಾಸ್ಟಿಕ್, ಸಂಖ್ಯೆಯನ್ನು ನೇರವಾಗಿ ಹೋಲಿಸಬೇಡಿ.

ಈಗ ಮನೆಯ ಒತ್ತಡ ಎಷ್ಟು? ಮೇಲಿನ ಟ್ಯಾಂಕಿನಿಂದ ಬರುವ ನೀರಾದರೆ 10 ಮೀಟರ್ ಎತ್ತರಕ್ಕೆ 1 ಬಾರ್ ಅಷ್ಟೇ. ಪ್ರೆಶರ್ ಪಂಪ್ ಇದ್ದರೆ ಇನ್ನೆರಡು ಮೂರು ಬಾರ್ ಸೇರುತ್ತದೆ. ನಲ್ಲಿಯನ್ನು ಪಟ್ಟನೆ ಮುಚ್ಚಿದಾಗ ಪೈಪಿನೊಳಗೆ ಬೀಳುವ ಪೆಟ್ಟು ಇವೆಲ್ಲಕ್ಕಿಂತ ಜಾಸ್ತಿ. ಆ ಪೆಟ್ಟು ತಿನ್ನುವ ಹೊತ್ತಿಗೆ ಪೈಪು ಬಿಸಿಯಾಗಿ ಮೆತ್ತಗಿದ್ದರೆ ಕಷ್ಟ. ಹಾಗಾಗಿ ಬಿಸಿನೀರಿಗೆ ಸಿಪಿವಿಸಿಯಾದರೆ ಎಸ್‌ಡಿಆರ್ 11, ಪಿಪಿಆರ್ ಆದರೆ ಪಿಎನ್ 20 ಅಂದರೆ ಎಸ್‌ಡಿಆರ್ 6. ಇದಕ್ಕಿಂತ ತೆಳುವಾದದ್ದು ಬೇಡ.

ಸಾಧಾರಣ ಬಿಳಿ ಪಿವಿಸಿ ಪೈಪು ಬಿಸಿನೀರಿಗೆ ನಡೆಯುತ್ತಾ?

ಇಲ್ಲ. 60 ಡಿಗ್ರಿಯಲ್ಲಿ ಅದರ ಶಕ್ತಿ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತದೆ. ಸಿಪಿವಿಸಿ ಅಂದರೆ ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ ಮಾಡಿದ್ದು, ಆ ಹೆಚ್ಚುವರಿ ಕ್ಲೋರಿನ್‌ನಿಂದಲೇ ಅದು 93 ಡಿಗ್ರಿವರೆಗೂ ನಿಲ್ಲುತ್ತದೆ.

20 ಎಂಎಂ ಸಿಪಿವಿಸಿ ಇದ್ದ ಕಡೆ 20 ಎಂಎಂ ಪಿಪಿಆರ್ ಹಾಕಿಸಿದೆವು, ಶವರ್ ನೀರು ಸಣ್ಣಗಾಯ್ತು. ಪೈಪು ಕಟ್ಟಿಕೊಂಡಿದೆಯಾ?

ಕಟ್ಟಿಕೊಂಡಿಲ್ಲ, ಪೈಪಿನ ಒಳಗಿನ ದಾರಿಯೇ ಚಿಕ್ಕದು. ಇದು ತುಂಬಾ ಜನ ಎಡವುವ ಜಾಗ.

ಮುಕ್ಕಾಲು ಇಂಚಿನ ಸಿಪಿವಿಸಿಯನ್ನು ಮಾತಿನಲ್ಲಿ 20 ಎಂಎಂ ಅಂತಾರೆ, ಆದರೆ ಅದರ ಹೊರ ಅಗಲ 22.2 ಎಂಎಂ. ಗೋಡೆ ಬರೀ 2 ಎಂಎಂ ದಪ್ಪ. ಒಳಗೆ ಸುಮಾರು 18 ಎಂಎಂ ದಾರಿ ಸಿಗುತ್ತದೆ. ಪಿಪಿಆರ್‌ನಲ್ಲಿ 20 ಎಂಎಂ ಅನ್ನೋದೇ ಹೊರ ಅಳತೆ. ಬಿಸಿನೀರಿನ ದಪ್ಪ ಪೈಪಿನಲ್ಲಿ ಗೋಡೆಗೇ 3.4 ಎಂಎಂ ಹೋಗುತ್ತದೆ, ಎರಡೂ ಕಡೆ ಕಳೆದರೆ ಒಳಗೆ ಉಳಿಯುವುದು 13.2 ಎಂಎಂ. ದಾರಿಯ ವಿಸ್ತಾರ ಲೆಕ್ಕ ಹಾಕಿದರೆ ಸಿಪಿವಿಸಿಗೆ ಸುಮಾರು 2.6 ಚದರ ಸೆಂಟಿಮೀಟರ್, ಪಿಪಿಆರ್‌ಗೆ 1.4. ಅಂದರೆ ಅರ್ಧದಷ್ಟು. ಪಂಪ್ ಇಲ್ಲದೆ ಟ್ಯಾಂಕಿನ ಒತ್ತಡದಲ್ಲೇ ನಡೆಯುವ ಬಾತ್‌ರೂಮಿನಲ್ಲಿ ಈ ವ್ಯತ್ಯಾಸ ಮೈಮೇಲೆ ಬೀಳುವ ನೀರಲ್ಲೇ ಗೊತ್ತಾಗುತ್ತದೆ.

ಮುಕ್ಕಾಲು ಇಂಚಿನ ಸಿಪಿವಿಸಿಗೆ ಬದಲಾಗಿ ಪಿಪಿಆರ್ ಹಾಕುವುದಾದರೆ 25 ಎಂಎಂ ತಗೊಳ್ಳಿ. ಅದರ ಒಳ ಅಗಲ 16.6 ಎಂಎಂ, ಸಾಕಷ್ಟು ಹತ್ತಿರ. ಇನ್ನೊಂದು ಕಡೆಯಿಂದ ನೋಡಿದರೆ ಸಣ್ಣ ದಾರಿಗೂ ಒಂದು ಲಾಭ ಇದೆ. 4 ಮೀಟರ್ ಲೈನಿನಲ್ಲಿ ಮುಕ್ಕಾಲು ಇಂಚಿನ ಸಿಪಿವಿಸಿ ಸುಮಾರು 1 ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ, 20 ಎಂಎಂ ಪಿಪಿಆರ್ ಅರ್ಧ ಲೀಟರ್ ಮಾತ್ರ. ಬಿಸಿನೀರು ಬರುವ ಮುಂಚೆ ಆ ತಣ್ಣೀರು ಸುಮ್ನೆ ಹರಿದುಹೋಗಬೇಕು. ಒಂದೇ ಒಂದು ವಾಷ್ ಬೇಸಿನ್‌ಗೆ ಹೋಗುವ ಲೈನಾದರೆ ಸಣ್ಣದೇ ಒಳ್ಳೆಯದು, ಶವರ್‌ಗೆ ದೊಡ್ಡದು ಬೇಕು.

ಬಿಸಿನೀರಿನ ಲೈನಿಗೆ ಮಾತ್ರ ಒಳ್ಳೆಯ ಪೈಪು ಹಾಕಿ, ತಣ್ಣೀರಿಗೆ ಕಡಿಮೆ ದರ್ಜೆಯದು ಹಾಕಬಹುದಾ?

ಹಾಕಬಹುದು, ಆದರೆ ಗೀಸರ್ ಹತ್ತಿರ ಬೇಡ. ಗೀಸರ್‌ಗೆ ತಣ್ಣೀರು ಬರುವ ಪೈಪು ತಣ್ಣಗೇ ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ.

15 ಲೀಟರ್‌ನ ಗೀಸರ್ ತಗೊಳ್ಳಿ. 25 ಡಿಗ್ರಿ ನೀರು 65 ಡಿಗ್ರಿಗೆ ಏರಿದಾಗ ಅದರ ಗಾತ್ರ ಸುಮಾರು 1.7 ಶೇಕಡಾ ಹಿಗ್ಗುತ್ತದೆ. ಅಂದರೆ ಕಾಲು ಲೀಟರ್ ಹೆಚ್ಚುವರಿ ನೀರು. ನಲ್ಲಿಗಳೆಲ್ಲಾ ಮುಚ್ಚಿವೆ, ಅದು ಎಲ್ಲಿಗೆ ಹೋಗಬೇಕು? ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಕಾಲು ಲೀಟರ್ ಅಂದರೆ ಹತ್ತಿರ ಹತ್ತಿರ 1 ಮೀಟರ್ ಉದ್ದ. ಆ 1 ಮೀಟರ್ ತಣ್ಣೀರಿನ ಪೈಪು ದಿನಾ ಬೆಚ್ಚಗಿನ ನೀರು ಕಾಣುತ್ತದೆ, ಗೀಸರ್‌ನ ಲೋಹದಿಂದ ಬರುವ ಬಿಸಿ ಬೇರೆ. ಟ್ಯಾಂಕ್ ಖಾಲಿಯಾಗಿ ಲೈನಿನಲ್ಲಿ ನೀರು ಕೆಳಗಿಳಿದರೆ ಗೀಸರಿನ ಬಿಸಿನೀರೇ ಹಿಂದಕ್ಕೆ ಹರಿಯುವ ಸಾಧ್ಯತೆಯೂ ಇದೆ.

ಇದನ್ನು ತಡೆಯೋಕೆ ತಣ್ಣೀರಿನ ಕಡೆ ಒಮ್ಮುಖ ವಾಲ್ವ್ ಇರುತ್ತದೆ. ಅದಿದ್ದರೆ ನೀರು ವಾಪಸ್ ಹೋಗುವುದಿಲ್ಲ, ಬದಲಿಗೆ ಗೀಸರಿನೊಳಗೆ ಒತ್ತಡ ಏರುತ್ತದೆ, ಸೇಫ್ಟಿ ವಾಲ್ವ್ ತೊಟ್ಟಿಕ್ಕಿ ಆ ಒತ್ತಡ ಇಳಿಸುತ್ತದೆ. ಬಿಸಿಯಾಗುವಾಗ ನಾಲ್ಕು ಹನಿ ಬೀಳುವುದು ದೋಷವಲ್ಲ, ಅದರ ಕೆಲಸವೇ ಅದು. ತೊಟ್ಟಿಕ್ಕುತ್ತೆ ಅಂತ ಅದರ ಬಾಯಿಗೆ ಮುಚ್ಚಳ ಹಾಕಿದರೆ ಪೈಪಿನ ವಿಷಯ ಬಿಡಿ, ಗೀಸರೇ ಒಡೆಯಬಹುದು. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಲೂ ಬೇಡಿ.

ಹಾಗಾಗಿ ಗೀಸರಿನ ತಣ್ಣೀರಿನ ಕಡೆಯೂ ಕೊನೆಯ 1 ಮೀಟರ್ ಬಿಸಿನೀರಿನ ದರ್ಜೆಯ ಪೈಪೇ ಇರಲಿ. ಮಿಕ್ಸರ್‌ಗೆ ಹೋಗುವ ತಣ್ಣೀರಿನ ಲೈನಿಗೂ ಇದೇ ಸಲಹೆ. ಹ್ಯಾಂಡ್ ಶವರ್‌ನ ಕೊನೆಯಲ್ಲಿರುವ ಗುಂಡಿಯಿಂದ ನೀರು ನಿಲ್ಲಿಸಿ ಮಿಕ್ಸರನ್ನು ತೆರೆದೇ ಬಿಟ್ಟರೆ ಬಿಸಿನೀರು ಮಿಕ್ಸರ್ ಒಳಗಿಂದಲೇ ತಣ್ಣೀರಿನ ಪೈಪಿಗೆ ದಾಟುತ್ತದೆ. ನನ್ನನ್ನು ಕೇಳಿದರೆ ಬಾತ್‌ರೂಮ್ ಒಳಗೆ ಪೂರ್ತಿ ಒಂದೇ ದರ್ಜೆಯ ಪೈಪು ಹಾಕಿಸಿ. ಇಷ್ಟು ಚಿಕ್ಕ ಜಾಗದಲ್ಲಿ ಉಳಿಯುವ ದುಡ್ಡು ಗೋಡೆ ಒಡೆಯುವ ಖರ್ಚಿನ ಮುಂದೆ ಏನೂ ಅಲ್ಲ.

ಗೀಸರ್‌ಗೆ ಪ್ಲಾಸ್ಟಿಕ್ ಪೈಪನ್ನು ನೇರವಾಗಿ ಸೇರಿಸಬಹುದಾ?

ಬೇಡ. ಮಧ್ಯೆ ಲೋಹದ ತುಂಡು ಪೈಪೋ ಒಳ್ಳೆಯ ಹೋಸೋ ಇರಲಿ. ಗ್ಯಾಸ್ ಗೀಸರ್ ಆದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಹರಿವು ಕಡಿಮೆಯಾದಾಗ ಅದರಿಂದ ಹೊರಬರುವ ನೀರು ಕೆಲವು ಕ್ಷಣ ತುಂಬಾ ಬಿಸಿ ಇರಬಹುದು. ಹೊಗೆ ಹೋಗುವ ಕೊಳವೆಯಿಂದಲೂ ಪ್ಲಾಸ್ಟಿಕ್ ಪೈಪು ದೂರ ಇರಬೇಕು.

ಸೋಲಾರ್ ಇದೆ. ಪಿಪಿಆರ್ ಹಾಕಲೇಬಾರದಾ?

ಮೇಲೆ ಹೇಳಿದ ಐಎಸ್‌ಓ 15874 ಮಾನದಂಡದಲ್ಲಿ ಪಿಪಿಆರ್‌ಗೆ ಕೊಟ್ಟ ಲೆಕ್ಕ ಹೇಗಿದೆ ಅಂದರೆ, 50 ವರ್ಷದಲ್ಲಿ 49 ವರ್ಷ 70 ಡಿಗ್ರಿ, ಎಲ್ಲಾ ಸೇರಿ 1 ವರ್ಷ 80 ಡಿಗ್ರಿ, ಏನೋ ಕೆಟ್ಟು ಬಿಸಿ ವಿಪರೀತ ಏರಿದಾಗಿನ 95 ಡಿಗ್ರಿ ಒಟ್ಟು 100 ಗಂಟೆ ಮಾತ್ರ. 100 ಗಂಟೆ ಅಂದರೆ ನಾಲ್ಕೇ ದಿನ! ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟ ಸೋಲಾರ್ ಟ್ಯಾಂಕಿನಲ್ಲಿ 80 ದಾಟುವುದು ದೊಡ್ಡ ವಿಷಯವಲ್ಲ. ಕೆಲವು ಬೇಸಿಗೆಯಲ್ಲೇ ಆ ಲೆಕ್ಕ ಮುಗಿಯುತ್ತದೆ. ಪೈಪು ಆ ದಿನವೇ ಒಡೆಯುತ್ತದೆ ಅಂತಲ್ಲ, ಆದರೆ ಅದರ ಆಯಸ್ಸು ನೀವು ಅಂದುಕೊಂಡಷ್ಟು ಉಳಿಯುವುದಿಲ್ಲ.

ಸಿಪಿವಿಸಿ 82 ಡಿಗ್ರಿಯಲ್ಲೂ ಒತ್ತಡದ ಲೆಕ್ಕ ಇಟ್ಟುಕೊಂಡಿರುವ ಪೈಪು. ಆದರೂ ಟ್ಯಾಂಕಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ ಪೈಪೇ ಹಾಕಿಸುವುದು ಜಾಣತನ. ಇನ್ನೂ ಒಳ್ಳೆಯ ದಾರಿ ಅಂದರೆ ಟ್ಯಾಂಕಿನ ಕೆಳಗೇ ತಾಪ ನೋಡಿ ತಣ್ಣೀರು ಬೆರೆಸುವ ಥರ್ಮೋಸ್ಟ್ಯಾಟಿಕ್ ವಾಲ್ವ್. ಅದು 55–60ಕ್ಕೆ ಇಳಿಸಿ ಕಳಿಸಿದರೆ ಕೆಳಗೆ ಈ ಎರಡರಲ್ಲಿ ಯಾವ ಪೈಪಾದರೂ ನೆಮ್ಮದಿ. ನಲ್ಲಿ ತಿರುಗಿಸಿದ ಮಕ್ಕಳ ಕೈ ಸುಡುವ ಅಪಾಯವೂ ಕಡಿಮೆ, ಆದರೆ ಇಷ್ಟು ಬಿಸಿಯ ನೀರೂ ಸುಡಬಲ್ಲದು.

ಎರಡು ಪೈಪುಗಳನ್ನೂ ಬಿಸಿಲಿಗೆ ಬರಿಮೈಯಲ್ಲಿ ಬಿಡಬೇಡಿ. ತಾರಸಿ ಮೇಲಿನ ಭಾಗಕ್ಕೆ ಇನ್ಸುಲೇಷನ್ ಹೊದಿಸಿ, ಬಿಸಿಯೂ ಉಳಿಯುತ್ತದೆ ಪೈಪೂ ಉಳಿಯುತ್ತದೆ.

ಬಿಸಿಯಾದಾಗ ಪೈಪು ಹಿಗ್ಗಿ ಟೈಲ್ಸ್ ಬಿರುಕು ಬಿಡುತ್ತಾ?

ಹಿಗ್ಗುವುದಂತೂ ನಿಜ. 4 ಮೀಟರ್ ಲೈನು, 25ರಿಂದ 65 ಡಿಗ್ರಿ. ಸಿಪಿವಿಸಿ ಸುಮಾರು 10 ಎಂಎಂ ಉದ್ದವಾಗುತ್ತದೆ. ಸಾದಾ ಪಿಪಿಆರ್ 24 ಎಂಎಂ. ನಡುವೆ ಫೈಬರ್ ಪದರ ಇರುವ ಪಿಪಿಆರ್ 6 ಎಂಎಂನ ಆಸುಪಾಸು.

ಗೋಡೆಯೊಳಗೆ ಗಾರೆ ಹಿಡಿದುಕೊಂಡಿದ್ದರೆ ಅದು ಉದ್ದವಾಗಲು ಆಗುವುದಿಲ್ಲ, ಆ ಒತ್ತು ಪೈಪಿನೊಳಗೇ ಉಳಿಯುತ್ತದೆ. ಪಿಪಿಆರ್ ಜಾಸ್ತಿ ಹಿಗ್ಗಿದರೂ ಮೆತ್ತಗಿನ ವಸ್ತು, ಸಿಪಿವಿಸಿ ಕಡಿಮೆ ಹಿಗ್ಗಿದರೂ ಗಡಸು. ಹಾಗಾಗಿ ಮುಚ್ಚಿದ ಲೈನಿನಲ್ಲಿ ಎರಡರಿಂದಲೂ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ತಿರುವುಗಳ ಹತ್ತಿರ ಮಾತ್ರ ಪೈಪಿನ ಸುತ್ತ ಫೋಮ್ ಕೊಳವೆ ಹೊದಿಸಿ, ಎಲ್ಬೋ ಮೇಲೆ ಒತ್ತು ಬೀಳದಿರಲಿ.

ಹೊರಗೆ ಕಾಣುವ ಲೈನೇ ಕಷ್ಟ. ಸಾದಾ ಪಿಪಿಆರ್ ಹಾಕಿ, ಕ್ಲಾಂಪುಗಳನ್ನು ಬಿಗಿಯಾಗಿ ಹೊಡೆದರೆ ಕೆಲವೇ ದಿನದಲ್ಲಿ ಪೈಪು ಹಾವಿನ ಹಾಗೆ ಡೊಂಕಾಗಿ ನಿಲ್ಲುತ್ತದೆ. ಹೊರಗಿನ ಬಿಸಿನೀರಿನ ಲೈನಿಗೆ ಫೈಬರ್ ಪಿಪಿಆರ್ ಅಥವಾ ಸಿಪಿವಿಸಿ ಹಾಕಿ, ಕ್ಲಾಂಪಿನೊಳಗೆ ಪೈಪು ಜಾರುವಷ್ಟು ಸಡಿಲ ಬಿಡಿ.

ಯಾವುದರ ಜಾಯಿಂಟ್ ಹೆಚ್ಚು ನಂಬಿಕೆಗೆ ಅರ್ಹ?

ಸರಿಯಾಗಿ ಮಾಡಿದರೆ ಪಿಪಿಆರ್. ಪೈಪೂ ಫಿಟ್ಟಿಂಗೂ ಕರಗಿ ಒಂದೇ ತುಂಡಾಗುತ್ತವೆ, ಅಂಟು ಅನ್ನೋದೇ ಇಲ್ಲ. ಆದರೆ "ಸರಿಯಾಗಿ" ಅನ್ನುವುದಕ್ಕೆ ಇಲ್ಲಿ ಸೆಕೆಂಡುಗಳ ಲೆಕ್ಕ ಇದೆ. ಯಂತ್ರ 260 ಡಿಗ್ರಿ. 20 ಎಂಎಂ ಪೈಪು 14 ಎಂಎಂ ಆಳಕ್ಕೆ ಹೋಗಬೇಕು, 5 ಸೆಕೆಂಡ್ ಬಿಸಿಯಾಗಬೇಕು, ತೆಗೆದ 4 ಸೆಕೆಂಡಿನೊಳಗೆ ಸೇರಬೇಕು, 2 ನಿಮಿಷ ಅಲುಗಾಡದೆ ತಣಿಯಬೇಕು. 25 ಎಂಎಂ ಆದರೆ 7 ಸೆಕೆಂಡ್ ಬಿಸಿ, ಉಳಿದದ್ದು ಹೆಚ್ಚುಕಮ್ಮಿ ಅಷ್ಟೇ. ಸೇರಿಸುವಾಗ ನೇರವಾಗಿ ತಳ್ಳಬೇಕು, ತಿರುಗಿಸಬಾರದು.

ಕೆಲಸದವರು "ಇನ್ನೂ ಗಟ್ಟಿ ಹಿಡೀಲಿ" ಅಂತ 10–12 ಸೆಕೆಂಡ್ ಬಿಸಿ ಮಾಡಿ ಜೋರಾಗಿ ತಳ್ಳುವುದುಂಟು. ಹೊರಗಿಂದ ಜಾಯಿಂಟ್ ಚೆನ್ನಾಗೇ ಕಾಣುತ್ತದೆ, ಸೋರುವುದೂ ಇಲ್ಲ. ಒಳಗೆ ಮಾತ್ರ ಕರಗಿದ ಪ್ಲಾಸ್ಟಿಕ್ ಉಂಗುರದ ಹಾಗೆ ಉಬ್ಬಿ ದಾರಿ ಮುಚ್ಚಿರುತ್ತದೆ. 13 ಎಂಎಂ ದಾರಿಯಲ್ಲಿ ಆ ಉಂಗುರ ನಾಲ್ಕೈದು ಎಂಎಂ ತಿಂದರೆ ಶವರ್ ಸತ್ತಹಾಗೇ. ಆಮೇಲೆ ಪಂಪ್ ಸರಿಯಿಲ್ಲ, ಶವರ್ ಸರಿಯಿಲ್ಲ ಅಂತ ಹುಡುಕಾಟ ಶುರುವಾಗುತ್ತದೆ.

ಪರೀಕ್ಷೆ ಸುಲಭ. ಕೆಲಸ ಶುರುವಾಗುವ ದಿನ ಒಂದು ಜಾಯಿಂಟ್ ಮಾಡಿಸಿ, ತಣಿದ ಮೇಲೆ ಉದ್ದಕ್ಕೆ ಕತ್ತರಿಸಿ ನೋಡಿ. ಒಳಗಿನ ದಾರಿ ತೆರೆದಿರಬೇಕು, ಪೈಪು ಮತ್ತು ಫಿಟ್ಟಿಂಗ್ ನಡುವೆ ಗೆರೆ ಕಾಣಬಾರದು, ಹೊರಗಿನ ಅಂಚಿನಲ್ಲಿ ಕರಗಿದ ಉಬ್ಬು ಸುತ್ತಲೂ ಒಂದೇ ಸಮ ಇರಬೇಕು.

ಸಿಪಿವಿಸಿಗೆ ಯಂತ್ರ ಬೇಡ, ಸಾಲ್ವೆಂಟ್ ಸಾಕು. ಹಾಗಂತ ಬಣ್ಣ ಬಳಿದ ಹಾಗೆ ಬಳಿದು ಸಿಕ್ಕಿಸುವುದಲ್ಲ. ಪೈಪನ್ನು ನೇರ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಒರೆಸಿ, ಪೈಪಿಗೆ ಧಾರಾಳವಾಗಿ ಫಿಟ್ಟಿಂಗಿಗೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹಿಡಿಯದಿದ್ದರೆ ಪೈಪು ತಾನೇ ಹಿಂದಕ್ಕೆ ಜಾರುತ್ತದೆ, ಗಮನಿಸಿ ನೋಡಿ. ಇಲ್ಲಿ ಆಗುವ ದೊಡ್ಡ ತಪ್ಪು ಸಾಧಾರಣ ಪಿವಿಸಿ ಸಾಲ್ವೆಂಟ್ ಬಳಸುವುದು. ತಣ್ಣೀರಲ್ಲಿ ಅದು ಹಿಡಿದಹಾಗೇ ಇರುತ್ತದೆ, ಬಿಸಿನೀರು ಬಿಟ್ಟ ಕೆಲವು ತಿಂಗಳಲ್ಲಿ ಬಿಡಲು ಶುರುಮಾಡುತ್ತದೆ. ಡಬ್ಬಿಯ ಮೇಲೆ ಸಿಪಿವಿಸಿ ಅಂತ ಇದೆಯಾ ಅಂತ ನೀವೇ ಓದಿ. ಹಳೆಯದಾಗಿ ಅಂಬಲಿ ಥರ ಗಟ್ಟಿಯಾದ ಡಬ್ಬಿಯೂ ಬೇಡ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಒಣಗುವ ಮುಂಚೆ ಬಿಸಿನೀರು ಬಿಡಲೇಬಾರದು.

ಸಿಪಿವಿಸಿ ತಾನಾಗಿ ಬಿರುಕು ಬಿಡುತ್ತೆ ಅಂತಾರೆ, ನಿಜಾನಾ?

ತಾನಾಗಿ ಅಲ್ಲ. ಅದಕ್ಕೆ ಕೆಲವು ವಸ್ತುಗಳು ಆಗಿಬರುವುದಿಲ್ಲ. ಫಿಟ್ಟಿಂಗಿನ ತಿರುಪಿನ ದಾರಕ್ಕೆ ಹಚ್ಚುವ ಎಣ್ಣೆಯುಕ್ತ ಪೇಸ್ಟ್, ಅಡುಗೆ ಎಣ್ಣೆ, ಕೆಲವು ಫೋಮ್‌ಗಳು, ಗೆದ್ದಲಿಗೆ ಸಿಂಪಡಿಸುವ ಔಷಧಿ, ಮೆತ್ತಗಿನ ಪಿವಿಸಿ ಹೊದಿಕೆಯ ವೈರ್ ಇವೆಲ್ಲಾ ಪೈಪಿಗೆ ತಾಗಿಕೊಂಡೇ ಇದ್ದರೆ ನಿಧಾನವಾಗಿ ಮೇಲ್ಮೈಯನ್ನು ತಿನ್ನುತ್ತವೆ, ಎಳೆತ ಇರುವ ಜಾಗದಲ್ಲಿ ಬಿರುಕು ಮೂಡುತ್ತದೆ. ಬಿಸಿ ಇದ್ದರೆ ಇದು ಇನ್ನೂ ಬೇಗ. ದಾರಕ್ಕೆ ಬರೀ ಟೆಫ್ಲಾನ್ ಟೇಪ್ ಸುತ್ತಿ, ಪೈಪಿನ ಪಕ್ಕದಲ್ಲೇ ವೈರ್ ಕಟ್ಟಬೇಡಿ.

ನಲ್ಲಿ ಕೂರುವ ಕಡೆ ಪ್ಲಾಸ್ಟಿಕ್ ದಾರದ ಫಿಟ್ಟಿಂಗ್ ಬಿಸಿನೀರಿಗೆ ಹಾಕಬೇಡಿ. ಲೋಹ ಒಂದು ರೀತಿ ಹಿಗ್ಗುತ್ತೆ, ಪ್ಲಾಸ್ಟಿಕ್ ಇನ್ನೊಂದು ರೀತಿ. ಬಿಸಿ ಆಗಿ ತಣಿದು, ಬಿಸಿ ಆಗಿ ತಣಿದು ದಾರ ಸಡಿಲ ಆಗುತ್ತದೆ. ಹಿತ್ತಾಳೆ ದಾರ ಒಳಗೇ ಕೂರಿಸಿದ ಫಿಟ್ಟಿಂಗ್ ಎರಡೂ ಬಗೆಯಲ್ಲಿ ಸಿಗುತ್ತದೆ, ಅದನ್ನೇ ಕೇಳಿ.

ಬ್ರೇಡೆಡ್ ಹೋಸ್ ಹೊರಗೆ ಸ್ಟೀಲ್ ಅಲ್ವಾ? ಮತ್ತೆ ಬಿಸಿನೀರಿಗೆ ಭಯ ಯಾಕೆ?

ನೀರು ಸ್ಟೀಲನ್ನು ಮುಟ್ಟುವುದೇ ಇಲ್ಲ. ನೀರು ಹರಿಯುವುದು ಒಳಗಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆಯಲ್ಲಿ. ಆ ಕೊಳವೆ ಒತ್ತಡಕ್ಕೆ ಉಬ್ಬದ ಹಾಗೆ ಹಿಡಿದಿಡೋದು ಮಾತ್ರ ಹೊರಗಿನ ಹೆಣಿಗೆಯ ಕೆಲಸ. ಹಾಗಾಗಿ ಬಿಸಿನೀರಿಗೆ ಕೇಳಬೇಕಾದ ಪ್ರಶ್ನೆ "ಒಳಗೆ ಏನಿದೆ?" ಅಂತ. ಇಪಿಡಿಎಂ ರಬ್ಬರ್ ಇದ್ದರೆ ಸಾಮಾನ್ಯವಾಗಿ 90 ಡಿಗ್ರಿವರೆಗೆ ಅಂತ ಬರೆದಿರುತ್ತದೆ, ಪೆಕ್ಸ್ ಅನ್ನುವ ಬಿಸಿ ತಡೆಯುವ ಪ್ಲಾಸ್ಟಿಕ್ ಕೊಳವೆ ಇದ್ದರೂ ಒಳ್ಳೆಯದೇ. ಪಿವಿಸಿ ಕೊಳವೆ ಇದ್ದರೆ ಅದು ಫ್ಲಶ್ ಟ್ಯಾಂಕಿಗೆ ಸರಿ, ಗೀಸರ್‌ಗೆ ಅಲ್ಲ. ಹೊರಗಿಂದ ಎರಡೂ ಒಂದೇ ಥರ ಫಳಫಳ ಹೊಳೆಯುತ್ತವೆ. ಚೀಟಿಯಲ್ಲಿ ಡಿಗ್ರಿ ಮತ್ತು ಬಾರ್ ಬರೆದಿಲ್ಲದ ಹೋಸನ್ನು ಗೀಸರ್‌ಗೆ ಹಾಕಲೇಬೇಡಿ.

ಹೆಣಿಗೆ 304 ಸ್ಟೇನ್‌ಲೆಸ್ ಆಗಿರಲಿ, ನಟ್ ಹಿತ್ತಾಳೆಯದ್ದಾಗಿರಲಿ. ಪ್ಲಾಸ್ಟಿಕ್ ನಟ್ ಬಿಸಿಗೆ ಮೆತ್ತಗಾಗಿ ಸೀಳುತ್ತದೆ. ಇನ್ನೊಂದು ಮಾತು, ಅರ್ಧ ಇಂಚಿನ ನಟ್ ಇದ್ದರೂ ಹಲವು ಹೋಸ್‌ಗಳ ಒಳ ದಾರಿ ಬರೀ 8 ಎಂಎಂ. ಗೀಸರ್‌ಗೆ ನೀರು ಬರುವ, ಹೋಗುವ ಎರಡೂ ಕಡೆ ಅದೇ ಹಾಕಿದರೆ ಗೋಡೆಯೊಳಗೆ ಎಷ್ಟು ದೊಡ್ಡ ಪೈಪು ಹಾಕಿದರೂ ಪ್ರಯೋಜನ ಕಮ್ಮಿ. ಒಳಗೆ 13 ಎಂಎಂ ದಾರಿ ಇರುವ ಹೋಸೂ ಸಿಗುತ್ತದೆ, ಒತ್ತಡ ಕಡಿಮೆ ಇರುವ ಮನೆಗೆ ಅದೇ ಬೇಕು.

ಹೋಸ್ ಹಾಕುವಾಗ ಏನು ನೋಡಬೇಕು?

ತುಂಬಾ ಚಿಕ್ಕದಾಗಿ ಎಳೆದು ಕೂರಿಸಿದರೂ ಕೆಡುತ್ತದೆ, ತುಂಬಾ ಉದ್ದ ತಂದು ಸುರುಳಿ ಸುತ್ತಿದರೂ ಕೆಡುತ್ತದೆ. ನಟ್ ಪಕ್ಕದಲ್ಲಿ ಲೋಹದ ತೋಳು ಇರುತ್ತದಲ್ಲ, ಅದರ ಬುಡದಲ್ಲೇ ಹೋಸ್ ಬಗ್ಗಬಾರದು. ಒಡೆಯುವುದು ಅಲ್ಲೇ. ಅಲ್ಲಿಂದ ಒಂದೆರಡು ಇಂಚು ನೇರ ಬಂದು ಆಮೇಲೆ ಸಲೀಸಾಗಿ ಬಾಗಲಿ. ನಟ್ ತಿರುಗಿಸುವಾಗ ಹೋಸ್ ಕೂಡ ತಿರುಚಿಕೊಳ್ಳದ ಹಾಗೆ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಒಳಗೆ ರಬ್ಬರ್ ವಾಷರ್ ಇದೆ, ಹಾಗಾಗಿ ಟೆಫ್ಲಾನ್ ಬೇಡ. ಕೈಯಲ್ಲಿ ಬಿಗಿಮಾಡಿ, ಸ್ಪ್ಯಾನರ್‌ನಲ್ಲಿ ಇನ್ನೊಂದು ಕಾಲು ಸುತ್ತು ಸಾಕು. ಜೋರು ಮಾಡಿದರೆ ವಾಷರ್ ಕತ್ತರಿಸಿಹೋಗುತ್ತದೆ.

ಗೋಡೆಯೊಳಗೆ ಹೋಸ್ ಮುಚ್ಚಲೇಬೇಡಿ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗದಲ್ಲೇ ಇರಬೇಕು, ಅದರ ಹಿಂದೆ ಮುಚ್ಚಲು ಬರುವ ಆಂಗಲ್ ವಾಲ್ವ್ ಇರಬೇಕು.

ಟೈಲ್ಸ್ ಹಾಕುವ ಮುಂಚೆ ಲೈನ್ ಪರೀಕ್ಷೆ ಹೇಗೆ?

ಕೈಪಂಪಿನಿಂದ ನೀರು ತುಂಬಿ, ಗಾಳಿ ಪೂರ್ತಿ ಹೊರಗೆ ಬಿಟ್ಟು, ಮನೆಯ ಒತ್ತಡದ ಒಂದೂವರೆ ಪಟ್ಟಾದರೂ ಏರಿಸಿ ಕನಿಷ್ಠ ಒಂದು ಗಂಟೆ ಬಿಡಿ. ಗಾಳಿ ತುಂಬಿ ಪರೀಕ್ಷೆ ಮಾಡಲು ಬಿಡಬೇಡಿ, ಒಡೆದರೆ ಚೂರುಗಳು ಸಿಡಿಯುತ್ತವೆ. ಪಿಪಿಆರ್‌ನಲ್ಲಿ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೊದಲು ಸ್ವಲ್ಪ ಇಳಿಯುವುದು ಸಹಜ, ಪೈಪು ಸ್ವಲ್ಪ ಹಿಗ್ಗಿರುತ್ತದೆ. ಮತ್ತೆ ಏರಿಸಿ. ಆಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಇದು ತಣ್ಣೀರಿನ ಪರೀಕ್ಷೆ, ನಿಮ್ಮ ಲೈನು ಬಿಸಿನೀರಿನದ್ದು. ತಾತ್ಕಾಲಿಕವಾಗಿ ಗೀಸರ್ ಸೇರಿಸಿ, ಎರಡು ಮೂರು ದಿನ ಬೆಳಿಗ್ಗೆ ಸಂಜೆ ಬಿಸಿನೀರು ಹರಿಸಿ, ಪೂರ್ತಿ ತಣಿಯಲು ಬಿಡಿ. ತಪ್ಪು ಸಾಲ್ವೆಂಟ್, ಅರೆಬರೆ ಹಿಡಿದ ಜಾಯಿಂಟ್, ಸಡಿಲ ದಾರ ಇವು ಬಿಸಿಯಾಗಿ ತಣಿಯುವಾಗಲೇ ಬಾಯಿ ಬಿಡುತ್ತವೆ. ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವವೂ ಅದರಲ್ಲಿ ಕಾಣುತ್ತದೆ.

ಹಳೆಯ ಹೋಸ್ ಯಾವಾಗ ಬದಲಿಸಬೇಕು?

ಐದು ವರ್ಷಕ್ಕೊಮ್ಮೆ, ಚೆನ್ನಾಗಿ ಕಂಡರೂ ಸರಿ. ಅದಕ್ಕೂ ಮುಂಚೆ ಕೆಡುವ ಲಕ್ಷಣ ಬೆರಳಿಗೇ ಸಿಗುತ್ತದೆ. ಹೆಣಿಗೆಯ ಮೇಲೆ ಒಂದು ಹತ್ತಿ ಬಟ್ಟೆ ಎಳೆಯಿರಿ, ಒಂದೆರಡು ತಂತಿ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ತೋಳಿನ ಬುಡದಲ್ಲಿ ಕಂದು ಚುಕ್ಕೆ, ನಟ್ ಮೇಲೆ ಬಿಳಿ ಅಥವಾ ಹಸಿರು ಪುಡಿ, ಎಲ್ಲಾದರೂ ಸಣ್ಣ ಉಬ್ಬು ಕಂಡರೆ ಅವತ್ತೇ ವಾಲ್ವ್ ಮುಚ್ಚಿ ಬದಲಿಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬ್ಲೀಚ್ ಸ್ಟೇನ್‌ಲೆಸ್ ತಂತಿಯನ್ನೂ ತಿನ್ನುತ್ತವೆ. ಅವುಗಳ ಹೊಗೆ ತಾಗಿದರೂ ಸಾಕು, ತಂತಿ ಒಂದೊಂದೇ ಮುರಿಯುತ್ತದೆ. ಹಾಗಾಗಿ ಬೇಸಿನ್ ಕೆಳಗಿನ ಕಪಾಟಿನಲ್ಲಿ ಹೋಸ್ ಪಕ್ಕದಲ್ಲೇ ಆಸಿಡ್ ಬಾಟಲಿ ಇಟ್ಟಿದ್ದರೆ ಅದನ್ನು ಬೇರೆ ಕಡೆ ಇಡಿ, ಗೀಸರ್ ಹೋಸನ್ನು ಬದಲಿಸುವಾಗ ಬರೀ ಬಿಸಿನೀರಿನ ಕಡೆಯದಷ್ಟೇ ಅಲ್ಲ, ಎರಡನ್ನೂ ಒಟ್ಟಿಗೇ ಬದಲಿಸಿ.